ವಾರದ ತಡೆ, 90 ದಿನದ ದಾಖಲೆ

ಏಳು ದಿನ ವಿಡಿಯೊ ಹಾಕಲಾಗದೆ ಕೈಕಟ್ಟಿ ಕೂತ ಯೂಟ್ಯೂಬರ್‌ಗೆ ಎಂಟನೆಯ ದಿನ ಅಪ್‌ಲೋಡ್ ಬಟನ್ ಮತ್ತೆ ಕೆಲಸ ಮಾಡತೊಡಗಿದಾಗ ಜೀವ ಬಂದಂತಾಗುತ್ತದೆ. ಶಿಕ್ಷೆ ಮುಗಿಯಿತು, ಇನ್ನು ಎಲ್ಲ ಮೊದಲಿನಂತೆ ಎಂದುಕೊಂಡು ವಾರವಿಡೀ ತಡೆದಿಟ್ಟ ವಿಡಿಯೊಗಳನ್ನು ಒಂದರ ಹಿಂದೊಂದು ಏರಿಸುತ್ತಾರೆ. ಚಾನೆಲ್ ಕಳೆದುಕೊಳ್ಳುವ ದಾರಿ ಎಷ್ಟೋ ಸಲ ಶುರುವಾಗುವುದು ಇಲ್ಲೇ. ಮುಗಿದದ್ದು ತಡೆ ಮಾತ್ರ. ಆ ತಡೆಗೆ ಕಾರಣವಾದ ‘ಸ್ಟ್ರೈಕ್’ ಇನ್ನೂ 83 ದಿನ ಚಾನೆಲ್‌ನ ಹೆಸರಿನಲ್ಲಿ ಉಳಿದಿರುತ್ತದೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎಲ್ಲದರಲ್ಲೂ ತಪ್ಪಿಗೆ ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ಎಚ್ಚರಿಕೆ, ಆಮೇಲೆ ಕೆಲವು ಸೌಲಭ್ಯಗಳಿಗೆ ಕತ್ತರಿ, ಕೊನೆಗೆ ಖಾತೆಯೇ ಇಲ್ಲ. ಇವುಗಳ ಪೈಕಿ ಯೂಟ್ಯೂಬ್‌ನ ಲೆಕ್ಕ ಹೆಚ್ಚು ಸ್ಪಷ್ಟ. ಜಿಲ್ಲೆಗೊಂದರಂತೆ ಸುದ್ದಿ ಚಾನೆಲ್, ಊರಿಗೊಂದರಂತೆ ಅಡುಗೆ ಚಾನೆಲ್ ಇರುವ ನಮ್ಮಲ್ಲಿ ಅದರಿಂದ ಹೊಟ್ಟೆ ಹೊರೆಯುವವರೂ ಇದ್ದಾರೆ. ಹಾಗಾಗಿ ಅದನ್ನೇ ಬಿಡಿಸಿ ನೋಡೋಣ. ನೆನಪಿಡಬೇಕಾದ ವಿಷಯ ಒಂದೇ: ಇಲ್ಲಿ ತಡೆಗೆ ಒಂದು ಅವಧಿ, ಸ್ಟ್ರೈಕ್‌ಗೆ ಇನ್ನೊಂದು ಅವಧಿ, ಎಚ್ಚರಿಕೆಗೆ ಮತ್ತೊಂದು. ಮೂರೂ ಬೇರೆ ಬೇರೆ ದಿನ ಮುಗಿಯುತ್ತವೆ.

ಮೊದಲ ಮೆಟ್ಟಿಲು: ಎಚ್ಚರಿಕೆ

ಈಗಿನ ವ್ಯವಸ್ಥೆಯ ಚೌಕಟ್ಟು ರೂಪುಗೊಂಡದ್ದು 2019ರ ಫೆಬ್ರವರಿಯಲ್ಲಿ. ಅದಕ್ಕೆ ಮುಂಚೆ ಮೊದಲ ತಪ್ಪಿಗೇ ಸ್ಟ್ರೈಕ್ ಬೀಳುತ್ತಿತ್ತು. ಯಾವ ತಪ್ಪಿಗೆ ಯಾವ ಸೌಲಭ್ಯ ನಿಲ್ಲುತ್ತದೆ ಎಂಬುದೂ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಹೊಸ ವ್ಯವಸ್ಥೆ ಬಂದಾಗ ಮೊದಲ ತಪ್ಪಿಗೆ ಎಚ್ಚರಿಕೆ ಸಾಕು ಎಂದಾಯಿತು, ಅಲ್ಲಿಂದ ಮುಂದಿನ ಶಿಕ್ಷೆಗಳು ಎಲ್ಲರಿಗೂ ಒಂದೇ ಎಂದಾಯಿತು. ಮೊದಲ ಸ್ಟ್ರೈಕ್ ಪಡೆದವರಲ್ಲಿ ಶೇ 94 ಮಂದಿ ಎರಡನೆಯದನ್ನು ಪಡೆಯುವುದೇ ಇಲ್ಲ ಎಂದು ಕಂಪನಿ ಆಗ ಹೇಳಿತ್ತು. ಹೆಚ್ಚಿನವರು ತಪ್ಪುವುದು ನಿಯಮ ಗೊತ್ತಿಲ್ಲದೆ ಎಂಬುದು ಅದರ ಒಳದನಿ.

ಎಚ್ಚರಿಕೆ ಬಂದಾಗ ನಿಯಮ ಮುರಿದ ವಿಡಿಯೊ ಚಾನೆಲ್‌ನಿಂದ ಹೋಗುತ್ತದೆ. ಬೇರಾವ ಸೌಲಭ್ಯಕ್ಕೂ ಕುತ್ತಿಲ್ಲ. ಯಾವ ವಿಡಿಯೊ ತೆಗೆದರು, ಯಾವ ನಿಯಮದ ಪ್ರಕಾರ ತೆಗೆದರು, ಮುಂದೆ ಏನು ಮಾಡಬಹುದು ಎಂದು ತಿಳಿಸುವ ಇ–ಮೇಲ್ ಬರುತ್ತದೆ. ಯೂಟ್ಯೂಬ್ ಸ್ಟುಡಿಯೋ ತೆರೆದರೆ ಡ್ಯಾಶ್‌ಬೋರ್ಡ್‌ನಲ್ಲೂ ಅದು ಕಾಣುತ್ತದೆ.

2019ರ ನಿಯಮದಲ್ಲಿ ಒಂದು ಕೊರತೆ ಇತ್ತು. ಎಚ್ಚರಿಕೆ ಒಮ್ಮೆ ಬಂತೆಂದರೆ ಅದು ಹೋಗುತ್ತಲೇ ಇರಲಿಲ್ಲ. ಮೂರು ವರ್ಷ ಕಳೆದ ಮೇಲೆ ಮತ್ತೊಂದು ತಪ್ಪಾದರೂ ನೇರ ಸ್ಟ್ರೈಕ್. ಸ್ಟ್ರೈಕ್‌ಗೆ 90 ದಿನದ ಆಯುಷ್ಯ, ಅದಕ್ಕಿಂತ ಹಗುರವಾದ ಎಚ್ಚರಿಕೆಗೆ ಚಿರಾಯುಷ್ಯ! 2023ರ ಆಗಸ್ಟ್‌ನಲ್ಲಿ ಇದನ್ನು ತಿದ್ದಿ ಒಂದು ಚಿಕ್ಕ ಆನ್‌ಲೈನ್ ತರಬೇತಿಯನ್ನು ಸೇರಿಸಿದರು. ಮುರಿದ ನಿಯಮದ ಬಗ್ಗೆ ಕೆಲವು ಪ್ರಶ್ನೆಗಳಿರುತ್ತವೆ, ಉತ್ತರಿಸಿ ಮುಗಿಸಬೇಕು. ಮುಗಿಸಿದ ದಿನದಿಂದ 90 ದಿನ ಅದೇ ನಿಯಮವನ್ನು ಮತ್ತೆ ಮುರಿಯದಿದ್ದರೆ ಎಚ್ಚರಿಕೆ ಅಳಿದುಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಒಂದು, ಲೆಕ್ಕ ಶುರುವಾಗುವುದು ಎಚ್ಚರಿಕೆ ಬಂದ ದಿನದಿಂದಲ್ಲ, ತರಬೇತಿ ಮುಗಿಸಿದ ದಿನದಿಂದ. ತರಬೇತಿ ತೆಗೆದುಕೊಳ್ಳದೆ ಸುಮ್ಮನಿದ್ದರೆ ದಿನಗಳು ಉರುಳುತ್ತವೆ, ಎಚ್ಚರಿಕೆ ಅಲ್ಲೇ ಇರುತ್ತದೆ. ಎರಡು, ತರಬೇತಿ ಮುಗಿಸಿದ ಮೇಲೆ ಬೇರೊಂದು ನಿಯಮ ಮುರಿದರೆ ಸ್ಟ್ರೈಕ್ ಬದಲು ಇನ್ನೊಂದು ಎಚ್ಚರಿಕೆ ಸಿಗುತ್ತದೆ. ಅದೇ ನಿಯಮ ಮುರಿದರೆ ಮಾತ್ರ ಸ್ಟ್ರೈಕ್, ಮತ್ತು ಹಳೆಯ ಎಚ್ಚರಿಕೆಯೂ ಅಳಿಯುವುದಿಲ್ಲ. ತರಬೇತಿಯನ್ನೇ ಆಟವಾಗಿಸಿಕೊಂಡು ಪದೇ ಪದೇ ತಪ್ಪುವವರಿಗೆ ಮುಂದೆ ಆ ಅವಕಾಶವನ್ನು ಕೊಡದಿರುವ ಹಕ್ಕನ್ನು ಕಂಪನಿ ಇಟ್ಟುಕೊಂಡಿದೆ.

ಮೊದಲ ಸ್ಟ್ರೈಕ್ ಎಂದರೆ ಏನೇನು ನಿಲ್ಲುತ್ತದೆ?

ಎಚ್ಚರಿಕೆ ಇನ್ನೂ ಜೀವಂತ ಇರುವಾಗಲೇ ಅದೇ ತಪ್ಪಾದರೆ ಮೊದಲ ಸ್ಟ್ರೈಕ್ ಬೀಳುತ್ತದೆ. ಅದರ ಜೊತೆಗೇ ಒಂದು ವಾರದ ತಡೆ. ಈ ವಾರದಲ್ಲಿ ಹೊಸ ವಿಡಿಯೊ ಹಾಕುವಂತಿಲ್ಲ, ಲೈವ್ ಹೋಗುವಂತಿಲ್ಲ, ಪ್ರೀಮಿಯರ್ ಇಡುವಂತಿಲ್ಲ. ಸಮುದಾಯ ಪುಟದಲ್ಲಿ ಪೋಸ್ಟ್ ಬರೆಯುವುದು, ಹೊಸ ಥಂಬ್‌ನೇಲ್ ಹಾಕುವುದು, ಪ್ಲೇಲಿಸ್ಟ್ ಕಟ್ಟುವುದು ಇವೂ ನಿಲ್ಲುತ್ತವೆ. ಹಳೆಯ ವಿಡಿಯೊಗಳು ಮಾತ್ರ ಎಂದಿನಂತೆ ಇರುತ್ತವೆ, ಜನ ನೋಡಬಹುದು.

ಇಲ್ಲೊಂದು ಸಣ್ಣ ಸಂಗತಿ ಅನೇಕರನ್ನು ಕಂಗೆಡಿಸುತ್ತದೆ. ನಾಳೆ ಬೆಳಿಗ್ಗೆ ಆರಕ್ಕೆ ತಾನಾಗಿ ಪ್ರಕಟವಾಗಲಿ ಎಂದು ಮೊದಲೇ ಸಮಯ ಗೊತ್ತುಮಾಡಿಟ್ಟ ವಿಡಿಯೊಗಳಿದ್ದರೆ ತಡೆಯ ಅವಧಿಯಲ್ಲಿ ಅವು ಖಾಸಗಿಯಾಗಿಬಿಡುತ್ತವೆ. ವಾರ ಮುಗಿದ ಮೇಲೆ ತಾವಾಗಿ ಹೊರಬರುವುದಿಲ್ಲ. ಮತ್ತೆ ಕೂತು ಒಂದೊಂದಕ್ಕೂ ಸಮಯ ಹಾಕಬೇಕು. ಹಬ್ಬದ ವಾರಕ್ಕೆಂದು ಹತ್ತು ವಿಡಿಯೊ ಸಾಲಾಗಿ ಇಟ್ಟವರಿಗೆ ಇದು ದೊಡ್ಡ ನಷ್ಟ.

ವಾರ ಕಳೆದ ಮೇಲೆ ಸೌಲಭ್ಯಗಳೆಲ್ಲ ಕೇಳದೆಯೇ ವಾಪಸ್ ಬರುತ್ತವೆ. ಸ್ಟ್ರೈಕ್ ಮಾತ್ರ, ಬಿದ್ದ ದಿನದಿಂದ 90 ದಿನ ಉಳಿಯುತ್ತದೆ. ಹಾಗೆ ಉಳಿದ ಸ್ಟ್ರೈಕ್ ಹೊರಗಿನವರಿಗೆ ಕಾಣುವುದಿಲ್ಲ, ಚಾನೆಲ್‌ನ ನಿತ್ಯದ ಕೆಲಸಕ್ಕೂ ಅಡ್ಡ ಬರುವುದಿಲ್ಲ. ಅದರಿಂದಲೇ ಮರೆತುಹೋಗುತ್ತದೆ. ಆದರೆ ಅದು ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ಜಾಹೀರಾತಿನ ಹಣದಲ್ಲಿ ಪಾಲು ಪಡೆಯಲು ಸೇರಬೇಕಾದ ಪಾರ್ಟ್‌ನರ್ ಪ್ರೋಗ್ರಾಂಗೆ ಅರ್ಜಿ ಹಾಕುವವರ ಚಾನೆಲ್ ಮೇಲೆ ಜೀವಂತ ಸ್ಟ್ರೈಕ್ ಇರಬಾರದು. ಸಾವಿರ ಸಬ್‌ಸ್ಕ್ರೈಬರ್ ಆದರೆಂದು ಸಂತೋಷಪಟ್ಟವರು ಮೂರು ತಿಂಗಳು ಕಾಯಬೇಕಾಗುತ್ತದೆ. ಇನ್ನೊಂದು ಹೆಚ್ಚು ಗಂಭೀರ. ಮುಂದಿನ ತಪ್ಪಿಗೆ ಎಷ್ಟು ಶಿಕ್ಷೆ ಎಂದು ನಿರ್ಧರಿಸುವುದು ಆ ದಿನ ಜೀವಂತವಾಗಿರುವ ಸ್ಟ್ರೈಕ್‌ಗಳ ಸಂಖ್ಯೆ.

ಮೊದಲನೆಯದು ಜೀವಂತ ಇರುವಾಗ ಎರಡನೆಯದು ಬಿದ್ದರೆ ಎರಡು ವಾರದ ತಡೆ. ಎರಡೂ ಜೀವಂತ ಇರುವಾಗ ಮೂರನೆಯದು ಬಿದ್ದರೆ ಚಾನೆಲ್ ಶಾಶ್ವತವಾಗಿ ಹೋಗುತ್ತದೆ.

ಒಂದು ಚಾನೆಲ್‌ನ ಕ್ಯಾಲೆಂಡರ್

‘90 ದಿನದಲ್ಲಿ ಮೂರು’ ಎಂದು ಕೇಳುವಾಗ ಸರಳ. ದಿನಾಂಕ ಹಾಕಿ ನೋಡಿದಾಗಲೇ ಅದರ ಸೂಕ್ಷ್ಮ ಗೊತ್ತಾಗುವುದು. ಲೆಕ್ಕಕ್ಕಾಗಿ ಒಂದು ಚಾನೆಲ್ ಕಲ್ಪಿಸಿಕೊಳ್ಳೋಣ. ಹಾಸನದ ಕಡೆಯ ಶಾರದಮ್ಮ ಮನೆಮದ್ದಿನ ವಿಡಿಯೊ ಮಾಡುತ್ತಾರೆ, ಮಗ ಎಡಿಟ್ ಮಾಡಿ ಹಾಕುತ್ತಾನೆ. ಶುಂಠಿ, ಮೆಣಸು, ಅಮೃತಬಳ್ಳಿಯ ಕಷಾಯಗಳಿಗೆ ಯಾವ ತಕರಾರೂ ಇಲ್ಲ. ಒಂದು ವಿಡಿಯೊಗೆ ಮಗ ‘ಈ ಎಲೆ ತಿಂದರೆ ಕ್ಯಾನ್ಸರ್ ಮಾಯ, ಆಸ್ಪತ್ರೆ ಬೇಡ’ ಎಂದು ತಲೆಬರಹ ಕೊಡುತ್ತಾನೆ. ವೈದ್ಯಕೀಯ ತಪ್ಪು ಮಾಹಿತಿ ಕುರಿತ ನಿಯಮ ತಾಗುವುದು ಇಲ್ಲೇ. ಗುಣವಾಗುತ್ತದೆಂಬ ಆಧಾರವಿಲ್ಲದ ಭರವಸೆ ಮತ್ತು ವೈದ್ಯರ ಚಿಕಿತ್ಸೆಯನ್ನು ಬಿಡಿಸುವ ಮಾತು, ಎರಡಕ್ಕೂ ಅಲ್ಲಿ ನಿಷೇಧವಿದೆ. ಬೆಳ್ಳುಳ್ಳಿಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವುದನ್ನು ಯೂಟ್ಯೂಬ್ 2023ರಲ್ಲಿ ತಾನೇ ಉದಾಹರಣೆಯಾಗಿ ಕೊಟ್ಟಿತ್ತು.

ಜನವರಿ 5ರಂದು ವಿಡಿಯೊ ಹೋಗುತ್ತದೆ, ಎಚ್ಚರಿಕೆ ಬರುತ್ತದೆ. ಜನವರಿ 10ರಂದು ಮಗ ತರಬೇತಿ ಮುಗಿಸುತ್ತಾನೆ. ಅಲ್ಲಿಂದ 90 ದಿನ ಎಂದರೆ ಏಪ್ರಿಲ್ 10. ಅಲ್ಲಿಯವರೆಗೆ ಇದೇ ನಿಯಮ ಮುರಿಯದಿದ್ದರೆ ಎಚ್ಚರಿಕೆ ಅಳಿಯುತ್ತದೆ, ಕಥೆ ಮುಗಿಯುತ್ತದೆ.

ಮುಗಿಯುವುದಿಲ್ಲ. ಫೆಬ್ರವರಿ 20ರಂದು ಇನ್ಸುಲಿನ್ ಬಿಟ್ಟು ಈ ಪುಡಿ ಸೇವಿಸಿ ಎಂಬ ವಿಡಿಯೊಗೆ ಮೊದಲ ಸ್ಟ್ರೈಕ್ ಬೀಳುತ್ತದೆ. ಈ ವಿಡಿಯೊ ಹೊಸದೇ ಆಗಿರಬೇಕಿಲ್ಲ. ಎರಡು ವರ್ಷ ಹಿಂದೆ ಹಾಕಿ ಮರೆತದ್ದೂ ಆಗಿರಬಹುದು. ಲೆಕ್ಕಕ್ಕೆ ಬರುವುದು ಸ್ಟ್ರೈಕ್ ಬಿದ್ದ ದಿನ, ವಿಡಿಯೊ ಹಾಕಿದ ದಿನ ಅಲ್ಲ. ಫೆಬ್ರವರಿ 27ಕ್ಕೆ ತಡೆ ಮುಗಿಯುತ್ತದೆ. “ಅಮ್ಮ, ಎಲ್ಲ ಸರಿಹೋಯ್ತು” ಎಂದು ಮಗ ಹೇಳಿದರೆ ಅದು ಅರ್ಧ ಸತ್ಯ. ಈ ಸ್ಟ್ರೈಕ್ ಸಾಯುವುದು ಮೇ 21ಕ್ಕೆ.

ಏಪ್ರಿಲ್ 2ರಂದು ಎರಡನೆಯ ಸ್ಟ್ರೈಕ್. ಏಪ್ರಿಲ್ 16ರವರೆಗೆ ಎರಡು ವಾರದ ತಡೆ. ಇದರ ಆಯುಷ್ಯ ಜುಲೈ 1ರವರೆಗೆ. ಈಗ ಚಾನೆಲ್ ಮೇಲೆ ಎರಡು ಜೀವಂತ ಸ್ಟ್ರೈಕ್‌ಗಳಿವೆ. ಏಪ್ರಿಲ್ 16ರ ನಂತರ ಅಪ್‌ಲೋಡ್ ಬಟನ್ ಕೆಲಸ ಮಾಡುತ್ತದೆ, ಲೈವ್ ಹೋಗಬಹುದು, ಯಾವ ತೊಂದರೆಯೂ ಕಣ್ಣಿಗೆ ಬೀಳುವುದಿಲ್ಲ. ಆದರೆ ಏಪ್ರಿಲ್ 16ರಿಂದ ಮೇ 21ರವರೆಗಿನ ಈ ಐದು ವಾರಗಳೇ ಇಡೀ ಕ್ಯಾಲೆಂಡರ್‌ನಲ್ಲಿ ಹೆಚ್ಚು ಅಪಾಯದವು.

ಮೇ 10ರಂದು ಇನ್ನೊಂದು ವಿಡಿಯೊ ಸಿಕ್ಕಿಬಿತ್ತು ಎಂದಿಟ್ಟುಕೊಳ್ಳಿ. ಜೀವಂತ ಸ್ಟ್ರೈಕ್‌ಗಳ ಸಂಖ್ಯೆ ಮೂರಾಯಿತು. ಚಾನೆಲ್ ಹೋಯಿತು. ಅದೇ ವಿಡಿಯೊ ಮೇ 25ರಂದು ಸಿಕ್ಕಿಬಿದ್ದಿದ್ದರೆ? ಅಷ್ಟರಲ್ಲಿ ಮೊದಲನೆಯದು ಸತ್ತಿರುತ್ತದೆ. ಏಪ್ರಿಲ್‌ನದು ಒಂದು, ಇದು ಇನ್ನೊಂದು, ಒಟ್ಟು ಎರಡು. ಶಿಕ್ಷೆ ಮತ್ತೆ ಎರಡು ವಾರದ ತಡೆ ಅಷ್ಟೇ. ತಪ್ಪು ಅದೇ, ವಿಡಿಯೊ ಅದೇ, ಹದಿನೈದು ದಿನದ ಅಂತರದಲ್ಲಿ ಒಂದು ಕಡೆ ಚಾನೆಲ್ ಉಳಿಯುತ್ತದೆ, ಇನ್ನೊಂದು ಕಡೆ ಹೋಗುತ್ತದೆ.

ಹಾಗೆಂದು ಮೇ 25ರವರಿಗೆ ನೆಮ್ಮದಿಯಿಲ್ಲ. ಆ ಸ್ಟ್ರೈಕ್‌ನ ಆಯುಷ್ಯ ಆಗಸ್ಟ್ 23ರವರೆಗೆ. ಜುಲೈ 1ರವರೆಗೆ ಮತ್ತೆ ಎರಡು ಜೀವಂತ ಇರುತ್ತವೆ, ಮತ್ತೆ ಒಂದು ತಪ್ಪಿನಷ್ಟೇ ಅಂತರ. ಒಂದು ಸ್ಟ್ರೈಕ್ ಬಿದ್ದ ಕೂಡಲೇ ಹಳೆಯದರ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಇಲ್ಲ. ಪ್ರತಿಯೊಂದಕ್ಕೂ ಅದರದೇ 90 ದಿನ. ಒಂದು ಇನ್ನೊಂದನ್ನು ಉದ್ದ ಮಾಡುವುದೂ ಇಲ್ಲ, ಮೊಟಕು ಮಾಡುವುದೂ ಇಲ್ಲ.

ಅಳಿಸಿದರೆ ಹೋಗುವುದಿಲ್ಲ

ಸ್ಟ್ರೈಕ್ ಬಂದ ಕೂಡಲೇ ಗಾಬರಿಯಲ್ಲಿ ಮಾಡುವ ಕೆಲವು ಕೆಲಸಗಳು ನೆರವಿಗೆ ಬರುವುದಿಲ್ಲ, ಕೆಲವು ಪರಿಸ್ಥಿತಿಯನ್ನು ಹದಗೆಡಿಸುತ್ತವೆ.

ಮೊದಲನೆಯದು ವಿಡಿಯೊ ಅಳಿಸುವುದು. ಸ್ಟ್ರೈಕ್ ಬಿದ್ದ ಮೇಲೆ ವಿಡಿಯೊ ಅಳಿಸಿದರೆ ಸ್ಟ್ರೈಕ್ ಹೋಗುವುದಿಲ್ಲ. ದಾಖಲಾಗಿರುವುದು ಅದು ಪ್ರಕಟವಾಗಿತ್ತು ಎಂಬ ಸಂಗತಿ. ಹಳೆಯ ವಿಡಿಯೊಗಳನ್ನು ಖಾಸಗಿ ಮಾಡಿಟ್ಟರೆ ಸುರಕ್ಷಿತ ಎಂಬುದೂ ತಪ್ಪು ನಂಬಿಕೆ. ಖಾಸಗಿ ಮತ್ತು ಅನ್‌ಲಿಸ್ಟೆಡ್ ವಿಡಿಯೊಗಳಿಗೂ ಅದೇ ನಿಯಮ. ಇನ್ನೂ ಸಿಕ್ಕಿಬೀಳದ, ಆದರೆ ತಪ್ಪೆಂದು ತಮಗೇ ಗೊತ್ತಿರುವ ಹಳೆಯ ವಿಡಿಯೊಗಳಿದ್ದರೆ ಅವನ್ನು ಪೂರ್ತಿ ತೆಗೆದುಹಾಕುವುದಕ್ಕೆ ಅರ್ಥವಿದೆ. ಶಾರದಮ್ಮನ ಮಗ ಜನವರಿಯಲ್ಲೇ ಮಾಡಬೇಕಿದ್ದ ಕೆಲಸ ಅದು.

ಎರಡನೆಯದು ಬೇರೆ ಚಾನೆಲ್‌ನಿಂದ ಹಾಕುವುದು. ವಾರದ ತಡೆಯಲ್ಲಿರುವಾಗ ಅಣ್ಣನ ಚಾನೆಲ್‌ನಿಂದಲೋ ತನ್ನದೇ ಎರಡನೆಯ ಚಾನೆಲ್‌ನಿಂದಲೋ ವಿಡಿಯೊ ಹಾಕಿದರೆ ಅದು ತಡೆಯನ್ನು ತಪ್ಪಿಸಿಕೊಳ್ಳುವ ಯತ್ನ ಎನಿಸುತ್ತದೆ. ಅಮೆರಿಕದ ರಾಜಕೀಯ ವಿಶ್ಲೇಷಕ ಡ್ಯಾನ್ ಬೊಂಗಿನೊ ಅವರಿಗೆ ಆದದ್ದು ಇದೇ. 2022ರ ಜನವರಿಯಲ್ಲಿ ಕೋವಿಡ್ ಮಾಸ್ಕ್ ಕುರಿತ ವಿಡಿಯೊಗಾಗಿ ಅವರ ಚಾನೆಲ್‌ಗೆ ಒಂದು ವಾರದ ತಡೆ ಬಿತ್ತು. ತಡೆ ಇರುವಾಗಲೇ ಇನ್ನೊಂದು ಚಾನೆಲ್‌ನಲ್ಲಿ ವಿಡಿಯೊ ಬಂತು. ಅದೇ ತಿಂಗಳು ಯೂಟ್ಯೂಬ್ ಅವರನ್ನು ಶಾಶ್ವತವಾಗಿ ಹೊರಹಾಕಿತು. ಮೂರು ಸ್ಟ್ರೈಕ್ ಆಗುವವರೆಗೆ ಕಾಯಲಿಲ್ಲ.

ಮೂರನೆಯದು ಎಲ್ಲವನ್ನೂ ಸ್ಟ್ರೈಕ್ ಎಂದು ಓದುವುದು. ವಿಡಿಯೊಗೆ 18 ವರ್ಷ ಮೇಲ್ಪಟ್ಟವರಿಗೆ ಮಾತ್ರ ಎಂಬ ನಿರ್ಬಂಧ ಬಿದ್ದರೆ ಅದು ಸ್ಟ್ರೈಕ್ ಅಲ್ಲ. ಜಾಹೀರಾತಿನ ಹಣ ಕಡಿಮೆ ಎಂದು ಹಳದಿ ಡಾಲರ್ ಚಿಹ್ನೆ ಬಂದರೆ ಅದೂ ಅಲ್ಲ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಇದ್ದುದಕ್ಕೆ ಸಂಗೀತ ಕಂಪನಿ ಕಂಟೆಂಟ್ ಐಡಿ ಮೂಲಕ ಹಕ್ಕು ಕೇಳಿದರೆ ಅದೂ ಅಲ್ಲ. ಕಾಪಿರೈಟ್ ಸ್ಟ್ರೈಕ್ ಎಂಬುದು ನಿಜವಾಗಿಯೂ ಇದೆ, ಅದರಲ್ಲೂ ಮೂರಾದರೆ ಚಾನೆಲ್ ಹೋಗಬಹುದು. ಆದರೆ ಅದರ ಖಾತೆ ಬೇರೆ. ಸಮುದಾಯ ನಿಯಮದ ಎರಡು ಮತ್ತು ಕಾಪಿರೈಟ್‌ನ ಒಂದು ಸೇರಿ ಮೂರಾಗುವುದಿಲ್ಲ. ಇ–ಮೇಲ್ ಬಂದ ಕೂಡಲೇ ನೋಡಬೇಕಾದದ್ದು ಇದು ಯಾವ ಖಾತೆಗೆ ಸೇರಿದ್ದು ಎಂಬುದನ್ನು.

ಮೇಲ್ಮನವಿಗೆ ಒಂದೇ ಅವಕಾಶ

ಯೂಟ್ಯೂಬ್‌ನಿಂದ ತೆಗೆದುಹಾಕಿದ ವಿಡಿಯೊಗಳ ಸಂಖ್ಯೆಯಲ್ಲಿ ಭಾರತ ಹಲವು ಬಾರಿ ಮೊದಲ ಸ್ಥಾನದಲ್ಲಿದೆ. 2023ರ ಕೊನೆಯ ಮೂರು ತಿಂಗಳಲ್ಲಿ ಇಲ್ಲಿಂದ ಹೋದವು 22 ಲಕ್ಷಕ್ಕೂ ಹೆಚ್ಚು. ಇವುಗಳಲ್ಲಿ ಬಹುಪಾಲನ್ನು ಮೊದಲು ಗುರುತಿಸುವುದು ಯಂತ್ರ. ಇಷ್ಟು ದೊಡ್ಡ ಪ್ರಮಾಣದಲ್ಲಿ ತಪ್ಪು ತೀರ್ಪುಗಳೂ ಆಗುತ್ತವೆ. ಹಾಗಾಗಿ ಮೇಲ್ಮನವಿಯ ದಾರಿ ಗೊತ್ತಿರಬೇಕು.

ಪ್ರತಿ ಎಚ್ಚರಿಕೆಗೂ ಪ್ರತಿ ಸ್ಟ್ರೈಕ್‌ಗೂ ಒಂದೇ ಸಲ ಮೇಲ್ಮನವಿ ಸಲ್ಲಿಸಬಹುದು, ಅದೂ ಬಂದ ದಿನದಿಂದ 90 ದಿನದೊಳಗೆ. ಸ್ಟುಡಿಯೋದಲ್ಲೇ ಅದಕ್ಕೆ ಬಟನ್ ಇದೆ. ಫಲಿತಾಂಶ ಮೂರು ರೀತಿ ಬರಬಹುದು. ವಿಡಿಯೊ ಸರಿಯಾಗಿದೆ ಎಂದಾದರೆ ಅದು ವಾಪಸ್ ಬರುತ್ತದೆ, ಸ್ಟ್ರೈಕ್ ಹೋಗುತ್ತದೆ. ನಿಯಮ ಮುರಿದಿಲ್ಲ ಆದರೆ ಮಕ್ಕಳಿಗೆ ತಕ್ಕುದಲ್ಲ ಎಂದಾದರೆ ವಯಸ್ಸಿನ ನಿರ್ಬಂಧದೊಡನೆ ವಾಪಸ್ ಬರುತ್ತದೆ, ಸ್ಟ್ರೈಕ್ ಆಗಲೂ ಹೋಗುತ್ತದೆ. ಮೊದಲ ತೀರ್ಪೇ ಸರಿ ಎಂದಾದರೆ ಇದ್ದಂತೆಯೇ ಉಳಿಯುತ್ತದೆ, ಮತ್ತೆ ಕೇಳುವಂತಿಲ್ಲ.

ಒಂದೇ ಅವಕಾಶ ಆದ್ದರಿಂದ ಬರೆಯುವ ಮುನ್ನ ಯೋಚಿಸಬೇಕು. ‘ನಾನು ಬಡವ, ಇದೇ ನನ್ನ ಜೀವನ’ ಎಂಬ ಮನವಿ ಅಲ್ಲಿ ತೂಗುವುದಿಲ್ಲ. ಪರಿಶೀಲಿಸುವವರ ಮುಂದಿರುವ ಪ್ರಶ್ನೆ ಈ ವಿಡಿಯೊ ಈ ನಿಯಮವನ್ನು ಮುರಿದಿದೆಯೇ ಎಂಬುದಷ್ಟೇ. ಹೇಳಬೇಕಾದದ್ದು ಸಂದರ್ಭವನ್ನು. ಶಿಕ್ಷಣ, ದಾಖಲೀಕರಣ, ವಿಜ್ಞಾನ, ಕಲೆ ಈ ನಾಲ್ಕು ಉದ್ದೇಶಗಳಿಗೆ ನಿಯಮದಲ್ಲಿ ವಿನಾಯಿತಿ ಇದೆ. ಕ್ಯಾನ್ಸರ್ ಮದ್ದಿನ ಸುಳ್ಳನ್ನು ಬಯಲು ಮಾಡಲು ವೈದ್ಯರೊಬ್ಬರು ಆ ಸುಳ್ಳನ್ನೇ ಮೊದಲು ತೋರಿಸಿದ್ದರೆ ಎಷ್ಟನೆಯ ನಿಮಿಷದಲ್ಲಿ ಅದನ್ನು ಅಲ್ಲಗಳೆದಿದ್ದಾರೆ ಎಂದು ಬರೆದರೆ ಉಪಯೋಗ. ಆ ಸಂದರ್ಭ ವಿಡಿಯೊದ ಒಳಗೇ, ಮಾತಿನಲ್ಲೋ ಚಿತ್ರದಲ್ಲೋ ಇರಬೇಕು. ಕನ್ನಡದಲ್ಲಿ ವ್ಯಂಗ್ಯವಾಗಿ ಆಡಿದ ಮಾತನ್ನು ನೇರ ಅರ್ಥದಲ್ಲಿ ತೆಗೆದುಕೊಂಡಿದ್ದಾರೆ ಎನಿಸಿದರೆ ಆ ವಾಕ್ಯವನ್ನೂ ಅದರ ಅರ್ಥವನ್ನೂ ಬಿಡಿಸಿ ಬರೆಯಬೇಕು.

ಮೇಲ್ಮನವಿಯನ್ನು ಮೂರನೆಯ ಸ್ಟ್ರೈಕ್‌ವರೆಗೆ ಉಳಿಸಿಕೊಳ್ಳುವವರಿದ್ದಾರೆ. ಅದು ತಪ್ಪು ಲೆಕ್ಕ. ಒಂದಕ್ಕೆ ಬಳಸದ ಅವಕಾಶ ಇನ್ನೊಂದಕ್ಕೆ ಕೂಡುವುದಿಲ್ಲ. ಅನ್ಯಾಯವೆನಿಸಿದ ಎಚ್ಚರಿಕೆಯನ್ನು, ಮೊದಲ ಸ್ಟ್ರೈಕನ್ನು ಆಗಲೇ ಪ್ರಶ್ನಿಸಿ ತೆಗೆಸಿಕೊಂಡರೆ ಮುಂದಿನದರ ಶಿಕ್ಷೆ ಅಷ್ಟು ಹಗುರವಾಗುತ್ತದೆ.

ಕಂಪನಿಯ ಉತ್ತರವೇ ಕೊನೆಯ ಮಾತಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ದೊಡ್ಡ ವೇದಿಕೆಗಳು ತಾವಾಗಿ ಏನನ್ನಾದರೂ ತೆಗೆದರೆ ಬಳಕೆದಾರರಿಗೆ ಕಾರಣ ತಿಳಿಸಬೇಕು, ತಕರಾರಿಗೆ ಅವಕಾಶ ಕೊಡಬೇಕು. ಭಾರತದಲ್ಲೇ ಇರುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿರಬೇಕು. ಆ ಅಧಿಕಾರಿಯ ಉತ್ತರ ಸರಿಕಾಣದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2022ರ ತಿದ್ದುಪಡಿಯಿಂದ ಹುಟ್ಟಿದ ಈ ಸಮಿತಿಯ ಕೆಲಸವೆಲ್ಲ ಆನ್‌ಲೈನಿನಲ್ಲೇ ನಡೆಯುತ್ತದೆ, gac.gov.in ತಾಣದಲ್ಲಿ ದೂರು ಸಲ್ಲಿಸಬೇಕು. ಬೆಂಗಳೂರಿಗೋ ದೆಹಲಿಗೋ ಅಲೆಯಬೇಕಿಲ್ಲ.

ಮೆಟ್ಟಿಲು ಇಲ್ಲದ ದಾರಿ

ಎಚ್ಚರಿಕೆ, ಒಂದು, ಎರಡು, ಮೂರು ಎಂಬುದು ಸಾಮಾನ್ಯ ತಪ್ಪುಗಳ ದಾರಿ. ಮಕ್ಕಳ ಲೈಂಗಿಕ ಶೋಷಣೆಯಂಥ ಘೋರ ಅಪರಾಧಕ್ಕೆ, ಅಥವಾ ಚಾನೆಲ್ ಇರುವುದೇ ನಿಯಮ ಮುರಿಯಲು ಎಂದು ಕಂಡುಬಂದಾಗ ಮೆಟ್ಟಿಲುಗಳಿಲ್ಲ. ಮೊದಲ ಸಲವೇ ಚಾನೆಲ್ ಹೋಗುತ್ತದೆ.

ತಡೆಯ ಅವಧಿಯೂ ಎಲ್ಲರಿಗೂ ಪುಸ್ತಕದಲ್ಲಿದ್ದಂತೆ ನಡೆದಿಲ್ಲ. 2021ರ ಜನವರಿ 12ರಂದು, ವಾಷಿಂಗ್ಟನ್‌ನ ಸಂಸತ್ ಭವನದ ಮೇಲೆ ದಾಳಿಯಾದ ಆರು ದಿನಗಳ ನಂತರ, ಡೊನಾಲ್ಡ್ ಟ್ರಂಪ್ ಅವರ ಚಾನೆಲ್‌ಗೆ ಸ್ಟ್ರೈಕ್ ಬಿತ್ತು. ಕನಿಷ್ಠ ಏಳು ದಿನ ವಿಡಿಯೊ ಹಾಕುವಂತಿಲ್ಲ ಎಂದರು. ಹಿಂಸೆಯ ಭಯ ಇನ್ನೂ ಇದೆ ಎಂದು ಅದನ್ನು ಮುಂದೂಡುತ್ತ ಹೋದರು. ತಡೆ ತೆರವಾದದ್ದು 2023ರ ಮಾರ್ಚ್ 17ರಂದು. ಟ್ರಂಪ್ ಹೂಡಿದ್ದ ದಾವೆ 2025ರ ಸೆಪ್ಟೆಂಬರ್‌ನಲ್ಲಿ 2.45 ಕೋಟಿ ಡಾಲರ್ ಕೊಡುವ ಒಪ್ಪಂದದಲ್ಲಿ ಮುಗಿಯಿತು. ನಿಯಮ ಬರೆದವರೂ ಕಂಪನಿಯೇ, ಅದನ್ನು ಹಿಗ್ಗಿಸುವ ಅಧಿಕಾರವೂ ಕಂಪನಿಯದೇ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

90 ದಿನ ಎಂಬುದೂ ಯೂಟ್ಯೂಬ್‌ನ ಲೆಕ್ಕ ಮಾತ್ರ. ಒಂದೇ ಫೋನಿನಿಂದ ಎರಡೂ ಕಡೆ ವಿಡಿಯೊ ಹಾಕುವವರು ಇದನ್ನು ಮರೆಯಬಾರದು. ಫೇಸ್‌ಬುಕ್‌ನಲ್ಲಿ ಸ್ಟ್ರೈಕ್ ಒಂದು ವರ್ಷ ಉಳಿಯುತ್ತದೆ, ಆದರೆ ಮೆಟ್ಟಿಲುಗಳು ಹೆಚ್ಚು. 2023ರ ಫೆಬ್ರವರಿಯಲ್ಲಿ ಮೆಟಾ ಪ್ರಕಟಿಸಿದ ಕ್ರಮದಂತೆ ಮೊದಲನೆಯದಕ್ಕೆ ಎಚ್ಚರಿಕೆ, ಎರಡರಿಂದ ಆರರವರೆಗೆ ಗ್ರೂಪ್‌ಗಳಲ್ಲಿ ಬರೆಯುವಂಥ ಕೆಲವು ಸೌಲಭ್ಯಗಳಿಗೆ ಮಾತ್ರ ತಡೆ. ಏಳನೆಯದರಿಂದ ಪೋಸ್ಟ್ ಹಾಕುವುದೇ ನಿಲ್ಲುತ್ತದೆ: ಮೊದಲು ಒಂದು ದಿನ, ಆಮೇಲೆ ಮೂರು, ಏಳು, ಹತ್ತನೆಯದಕ್ಕೆ 30 ದಿನ. ಅಲ್ಲಿ ನೆನಪು ದೀರ್ಘ, ಪೆಟ್ಟು ನಿಧಾನ. ಯೂಟ್ಯೂಬ್‌ನಲ್ಲಿ ನೆನಪು ಕಡಿಮೆ, ಆದರೆ ಆ ಅವಧಿಯೊಳಗೆ ಪೆಟ್ಟು ಬೇಗ.

ಚಾನೆಲ್ ಹೋದ ಮೇಲೆ

ಮೂರನೆಯ ಸ್ಟ್ರೈಕ್‌ನಿಂದ ಹೋಗುವುದು ಒಂದು ಚಾನೆಲ್ ಮಾತ್ರ ಎಂದುಕೊಳ್ಳಬಾರದು. ಅದರ ಒಡೆಯರು ಬೇರೆ ಚಾನೆಲ್ ತೆರೆಯುವಂತಿಲ್ಲ, ಇರುವ ಬೇರೆ ಚಾನೆಲ್ ನಡೆಸುವಂತಿಲ್ಲ. ಇನ್ನೊಬ್ಬರ ಚಾನೆಲ್‌ನಲ್ಲಿ ಪದೇ ಪದೇ ಮುಖ ತೋರಿಸಿದರೂ ಆ ಚಾನೆಲ್‌ಗೆ ಅಪಾಯ. ಶಾರದಮ್ಮನ ಮಗ ಅಮ್ಮನ ಹೆಸರು ಬಿಟ್ಟು ಅತ್ತೆಯ ಹೆಸರಿನಲ್ಲಿ ಚಾನೆಲ್ ತೆರೆದು ಅಮ್ಮನನ್ನೇ ಕೂರಿಸಿದರೆ ಅದೂ ಉಳಿಯಲಾರದು.

ಹೀಗೆ ಹೋದ ಚಾನೆಲ್‌ಗೆ ಮೇಲ್ಮನವಿ ಸಲ್ಲಿಸಲು ಒಂದು ವರ್ಷ ಸಮಯವಿದೆ. 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಕಿಂಡಿ ತೆರೆದಿದೆ. ಚಾನೆಲ್ ಹೋಗಿ ಒಂದು ವರ್ಷ ಕಳೆದವರಲ್ಲಿ ಅರ್ಹರು ಹೊಸದಾಗಿ ಚಾನೆಲ್ ತೆರೆಯಲು ಅನುಮತಿ ಕೇಳಬಹುದು. ಕಾಪಿರೈಟ್‌ಗಾಗಿ ಹೊರಹೋದವರಿಗೆ ಈ ಅವಕಾಶವಿಲ್ಲ. ಅನುಮತಿ ಸಿಕ್ಕರೂ ಹಳೆಯ ಸಬ್‌ಸ್ಕ್ರೈಬರ್‌ಗಳು ಬರುವುದಿಲ್ಲ, ಸೊನ್ನೆಯಿಂದ ಶುರುಮಾಡಬೇಕು. ಅವಧಿ ಮುಗಿಯುವ ಶಿಕ್ಷೆಗೂ ಮುಗಿಯದ ಶಿಕ್ಷೆಗೂ ಇರುವ ವ್ಯತ್ಯಾಸ ಇಲ್ಲಿ ಅರಿವಿಗೆ ಬರುತ್ತದೆ.

ಆದ್ದರಿಂದ ಸ್ಟ್ರೈಕ್‌ನ ಇ–ಮೇಲ್ ಬಂದ ದಿನ ಮಾಡಬೇಕಾದ ಲೆಕ್ಕ ಚಿಕ್ಕದು. ತಡೆ ಮುಗಿಯುವ ದಿನ ಯಾವುದು, ಸ್ಟ್ರೈಕ್ ಸಾಯುವ ದಿನ ಯಾವುದು, ಈಗ ಜೀವಂತ ಇರುವವು ಎಷ್ಟು ಎಂದು ಬರೆದಿಟ್ಟುಕೊಳ್ಳಬೇಕು. ತೀರ್ಪು ತಪ್ಪೆನಿಸಿದರೆ ಆ ವಾರವೇ ಮೇಲ್ಮನವಿ. ಸರಿಯೆನಿಸಿದರೆ ಹಳೆಯ ವಿಡಿಯೊಗಳನ್ನು ಅದೇ ನಿಯಮದ ಕಣ್ಣಿನಿಂದ ಒಮ್ಮೆ ನೋಡಿ ಸಂಶಯ ಬಂದದ್ದನ್ನು ತೆಗೆಯಬೇಕು. ಎರಡು ಜೀವಂತ ಇದ್ದರೆ ಮೊದಲನೆಯದು ಸಾಯುವವರೆಗೆ ಅನುಮಾನದ ವಿಷಯಗಳನ್ನೂ, ಮಾತು ಕೈತಪ್ಪಬಹುದಾದ ಲೈವ್‌ಗಳನ್ನೂ ಮುಂದಕ್ಕೆ ಹಾಕುವುದು ಲೇಸು. ಶಾರದಮ್ಮನ ಚಾನೆಲ್‌ಗೆ ಮೇ 21ರವರೆಗೆ ಶುಂಠಿ ಕಷಾಯ ಸಾಕಿತ್ತು.